ಚಳಿಗೆ ಇಡ್ಲಿ ಏಳಲ್ಲ, ಬೇಸಿಗೆಗೆ ಹಿಟ್ಟು ಉಕ್ಕಿ ಹುಳಿ: ಹೋಟೆಲ್ ಅಳತೆಗೆ ದಾರಿ ಏನು?

ಹಾಸನದ ತಿಂಡಿಮನೆ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಹತ್ತರೊಳಗೆ ಮುನ್ನೂರೈವತ್ತಕ್ಕೂ ಮೇಲೆ ಇಡ್ಲಿ ಹೋಗುತ್ತೆ. ಅಳತೆ ಮೂರು ವರ್ಷದಿಂದ ಒಂದೇ: 3 ಕೆಜಿ ಗುಂಡು ಉದ್ದಿನಬೇಳೆ, 6 ಕೆಜಿ ಇಡ್ಲಿ ರವೆ. ಬೇಳೆ ಟಿಲ್ಟಿಂಗ್ ಗ್ರೈಂಡರಲ್ಲಿ ರುಬ್ಬುತ್ತೇವೆ. ಸಂಜೆ ಆರೂವರೆಗೆ ರವೆ ಸೇರಿಸಿ ಕಲಸಿ ಮುಚ್ಚಿಟ್ಟರೆ ಬೆಳಿಗ್ಗೆ ಐದೂವರೆಗೆ ಮೊದಲ ತಟ್ಟೆ ಒಲೆಗೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊರತೆಯಿಲ್ಲ. ಡಿಸೆಂಬರ್ ಬಂತು ಅಂದರೆ ಶುರು. ಹಿಟ್ಟು ಇಟ್ಟ ಹಾಗೇ ಇರುತ್ತೆ, ಇಡ್ಲಿ ಚಪ್ಪಟೆ, ಬೆರಳಿಗೆ ಅಂಟು. ಏಪ್ರಿಲ್‌ನಲ್ಲಿ ಇದರ ತದ್ವಿರುದ್ಧ. ರಾತ್ರಿ ಎರಡಕ್ಕೇ ಉಕ್ಕಿ ನೆಲಕ್ಕೆ ಬಂದಿರುತ್ತೆ, ಬೆಳಿಗ್ಗೆ ನೋಡಿದರೆ ಮಧ್ಯದಲ್ಲಿ ಕುಸಿದು ಹುಳಿ ವಾಸನೆ. ಕಳೆದ ವಾರ ಚಳಿ ಅಂತ ಪಾತ್ರೆಯನ್ನು ಸ್ಟೀಮರ್ ಪಕ್ಕ ಇಟ್ಟೆ. ಅಂಚಿನ ಹಿಟ್ಟು ಹುಳಿ ಬಂದು ಗುಳ್ಳೆಗುಳ್ಳೆ, ಸೌಟು ನಡುವೆ ಇಳಿಸಿದರೆ ಹಸಿ ಹಿಟ್ಟು, ಮುಟ್ಟಿದರೆ ತಣ್ಣಗೆ. ಒಂದೇ ಪಾತ್ರೆಯ ಇಡ್ಲಿ ಎರಡು ರುಚಿ. ದಿನಾ ಬರುವ ಗಿರಾಕಿಗಳ ಮುಖ ನೋಡೋಕೆ ಸಂಕಟ ಆಗುತ್ತೆ. ಸೋಡಾ ಹಾಕೋಕೆ ನನಗೆ ಇಷ್ಟ ಇಲ್ಲ. ವರ್ಷ ಪೂರ್ತಿ ಒಂದೇ ಥರ ಬರಿಸುವವರು ದಯವಿಟ್ಟು ಹೇಳಿ.

ಅಡುಗೆ ಭಟ್ರು · ಭಾನುವಾರ ರಾತ್ರಿ

ನಾನು ಉಡುಪಿ ಕಡೆಯವನು, ಬೆಂಗಳೂರಿನ ಹೋಟೆಲುಗಳಲ್ಲಿ ಇಪ್ಪತ್ತೆರಡು ವರ್ಷ ಹಿಟ್ಟಿನ ಕೆಲಸವೇ ಮಾಡಿದ್ದು. ನಿಮ್ಮಲ್ಲಿ ಹಿಟ್ಟು ಕಲಸುವುದು ಸೌಟಲ್ಲೋ ಕೈಯಲ್ಲೋ? ಸೌಟಾದರೆ ತೊಂದರೆ ಅಲ್ಲೇ ಉಂಟು. ಮೊಣಕೈವರೆಗೆ ಕೈ ತೊಳೆದು, ಬುಡದಿಂದ ಎತ್ತಿ ಎತ್ತಿ ಹತ್ತು ನಿಮಿಷ ಕಲಸಬೇಕು. ಹುದುಗು ಬರಿಸುವುದು ಕೈಯೇ. ಕೈಯ ಬಿಸಿ, ಕೈಯ ಗುಣ ಎರಡೂ ಹಿಟ್ಟಿಗೆ ಇಳಿಯಬೇಕು. ಇನ್ನೊಂದು, ಅಯೋಡಿನ್ ಉಪ್ಪು ಬೇಡ, ಅದು ಹುದುಗನ್ನು ಕೊಲ್ಲುತ್ತದೆ. ಚಳಿಗಾಲದಲ್ಲಿ ಉಪ್ಪು ಬೆಳಿಗ್ಗೆ ಹಾಕಿ, ಬೇಸಿಗೆಯಲ್ಲಿ ರಾತ್ರಿಯೇ ಹಾಕಿ.

ಟೊರೊಂಟೊ ಅಮ್ಮ · ಸೋಮವಾರ

ನಮ್ಮಲ್ಲಿ ಹೊರಗೆ ಮೈನಸ್ ಹದಿನೈದು ಇದ್ದರೂ ಹಿಟ್ಟು ಚೆನ್ನಾಗಿ ಉಬ್ಬುತ್ತೆ! ಓವನ್ ಆನ್ ಮಾಡಬೇಡಿ, ಒಳಗಿನ ಲೈಟ್ ಮಾತ್ರ ಹಾಕಿ ಪಾತ್ರೆ ಇಟ್ಟುಬಿಡಿ. ಹತ್ತು ಗಂಟೆಯಲ್ಲಿ ಮುಚ್ಚಳ ಎತ್ತಿಬಿಡುತ್ತೆ. ನಾನು ಎರಡು ಲೋಟ ಉದ್ದಿಗೆ ನಾಲ್ಕು ಲೋಟ ರವೆ ಹಾಕೋದು.

ಹಾಸನದ ತಿಂಡಿಮನೆ · ಸೋಮವಾರ

ಥ್ಯಾಂಕ್ಸ್ ಅಕ್ಕ, ಆದರೆ ನಮ್ಮದು ಹತ್ತೊಂಬತ್ತು ಕೆಜಿ ಹಿಟ್ಟು, ದೊಡ್ಡ ಡಬರಿ, ಅದು ಹಿಡಿಸೋ ಓವನ್ ನಮ್ಮಲ್ಲಿಲ್ಲ. ಭಟ್ರೇ, ಕೈಯಲ್ಲೇ ಕಲಸೋದು ನಾವು. ಮಳೆಗಾಲದಲ್ಲೂ ಅದೇ ಕೈ, ಚಳಿಗಾಲದಲ್ಲೂ ಅದೇ ಕೈ.

ಮೈಸೂರು ಹಿಟ್ಟಿನ ಘಟಕ · ಸೋಮವಾರ

ಮೈಸೂರಿನಲ್ಲಿ ಪ್ಯಾಕೆಟ್ ಹಿಟ್ಟು ಮಾಡುವ ಸಣ್ಣ ಘಟಕ ನಡೆಸುತ್ತೇನೆ. ದಿನಕ್ಕೆ ಇನ್ನೂರು ಕೆಜಿ ದಾಟುವುದಿಲ್ಲ, ಆದರೆ ಹಿಟ್ಟು ಕೆಟ್ಟರೆ ಅಂಗಡಿಯವರು ಅವತ್ತೇ ವಾಪಸ್ ಕಳಿಸುತ್ತಾರೆ, ಹಾಗಾಗಿ ಇದನ್ನು ಕಲಿಯದೆ ವಿಧಿ ಇರಲಿಲ್ಲ.

ತಿಂಡಿಮನೆಯವರೇ, ಒಂದು ಕೆಲಸ ಮಾಡಿ. ಕಡ್ಡಿಯಂತೆ ಚುಚ್ಚುವ ಅಡುಗೆ ಥರ್ಮಾಮೀಟರ್ ಒಂದು ತನ್ನಿ. ಇವತ್ತು ಸಂಜೆ ಮೂರು ಬಿಸಿ ಬರೆದುಕೊಳ್ಳಿ: ರುಬ್ಬಿ ಮುಗಿದಾಗ ಉದ್ದಿನ ಹಿಟ್ಟು ಎಷ್ಟು ಡಿಗ್ರಿ, ಹಿಂಡಿದ ರವೆ ಎಷ್ಟು, ಕಲಸಿದ ಮೇಲೆ ನಡುವಿನಲ್ಲಿ ಎಷ್ಟು. ಬೆಳಿಗ್ಗೆ ಮುಚ್ಚಳ ತೆಗೆದಾಗ ಮತ್ತೊಮ್ಮೆ ನಡುವಿನಲ್ಲಿ. ಅಡುಗೆಮನೆ ಎಷ್ಟು ತಣ್ಣಗಿದೆ ಅನ್ನುವುದು ಆಮೇಲೆ.

ಭಟ್ರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕೈಯಲ್ಲಿ ಕಲಸಿದರೆ ಉದ್ದಿನ ಗಾಳಿ ಒಡೆಯದೆ ರವೆ ಸಮನಾಗಿ ಬೆರೆಯುತ್ತೆ. ಆದರೆ ಹುದುಗು ಮುಖ್ಯವಾಗಿ ಬರುವುದು ಬೇಳೆಯ ಜೊತೆಯಲ್ಲೇ. ಬೇಳೆಯ ಮೇಲಿರುವ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಗಾಳಿಯನ್ನೂ ಹುಳಿಯನ್ನೂ ಎರಡನ್ನೂ ಮಾಡುತ್ತೆ. ನಾವು ಕೈಗವಸು ಹಾಕಿ ಕಲಸುತ್ತೇವೆ, ಉಬ್ಬು ಹಾಗೇ ಬರುತ್ತೆ. ಅಯೋಡಿನ್ ಉಪ್ಪೂ ಕೊಲ್ಲುವುದಿಲ್ಲ. ನಾವು ಬಳಸುವುದು ಅದನ್ನೇ. ಉಪ್ಪು ಯಾವುದಾದರೂ ವೇಗವನ್ನು ಸ್ವಲ್ಪ ತಗ್ಗಿಸುತ್ತೆ. ಚಳಿಗೆ ಬೆಳಿಗ್ಗೆ, ಬೇಸಿಗೆಗೆ ರಾತ್ರಿ ಅನ್ನುವ ಅವರ ಪದ್ಧತಿ ಆ ಕಾರಣಕ್ಕೆ ಸರಿ.

ಅಡುಗೆ ಭಟ್ರು · ಸೋಮವಾರ

ಕೈಗವಸಿನ ಹಿಟ್ಟಿಗೂ ಕೈಯ ಹಿಟ್ಟಿಗೂ ರುಚಿ ಒಂದೇ ಅಂತ ನಾನು ಒಪ್ಪುವುದಿಲ್ಲ ತಾಯಿ. ಥರ್ಮಾಮೀಟರ್ ವಿಷಯ ಇರಲಿ, ನೋಡುವ.

ಹಾಸನದ ತಿಂಡಿಮನೆ · ಮಂಗಳವಾರ ಬೆಳಿಗ್ಗೆ

ಮೇಡಂ, ಬರೆದಿದ್ದೇನೆ. ಉದ್ದಿನ ಹಿಟ್ಟು 22 ಡಿಗ್ರಿ. ಹಿಂಡಿದ ರವೆ 17. ಕಲಸಿದ ಮೇಲೆ ನಡುವೆ 20ಕ್ಕೆ ಕೂದಲೆಳೆ ಕಡಿಮೆ. ಬೆಳಿಗ್ಗೆ ಐದಕ್ಕೆ ನೋಡಿದರೆ 18. ಅಡುಗೆಮನೆ 16. ರವೆ ಇಷ್ಟು ತಣ್ಣಗೆ ಇರುತ್ತೆ ಅಂತ ಗೊತ್ತೇ ಇರಲಿಲ್ಲ. ನಲ್ಲಿ ನೀರಲ್ಲಿ ನೆನೆಸಿ ಹಿತ್ತಿಲ ಜಗುಲಿ ಮೇಲೆ ಇಡ್ತೀವಿ.

ಮೈಸೂರು ಹಿಟ್ಟಿನ ಘಟಕ · ಮಂಗಳವಾರ

ಉತ್ತರ ನಿಮ್ಮ ಲೆಕ್ಕದಲ್ಲೇ ಇದೆ. ಇಪ್ಪತ್ತು ಡಿಗ್ರಿಯಲ್ಲಿ ಶುರುವಾದ ಹಿಟ್ಟು ಹನ್ನೊಂದು ಗಂಟೆಯಲ್ಲಿ ಏಳುವುದಿಲ್ಲ, ಅದಕ್ಕೆ ಸುಮಾರು ಹದಿನೆಂಟು–ಇಪ್ಪತ್ತು ಗಂಟೆ ಬೇಕು. 28ರಿಂದ 30ರಲ್ಲಿ ಇದ್ದರೆ ಎಂಟರಿಂದ ಹತ್ತು ಗಂಟೆ ಸಾಕು. ಹತ್ತೊಂಬತ್ತು ಕೆಜಿ ಹಿಟ್ಟು ಅಂದರೆ ದೊಡ್ಡ ಮುದ್ದೆ, ಅದಕ್ಕೆ ಹೊರಗಿನಿಂದ ಬಿಸಿ ಒಳಗೆ ಇಳಿಯೋಕೆ ಇಡೀ ರಾತ್ರಿ ಬೇಕು. ಸ್ಟೀಮರ್ ಪಕ್ಕ ಇಟ್ಟಾಗ ಅಂಚು ಹುಳಿತು, ನಡು ಹಸಿ ಉಳಿತು ಅಂದಿರಲ್ಲ, ಅದು ಇದೇ. ಅದೇ ಗುಣವನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬೇಕು. ಕಲಸುವ ಹೊತ್ತಿಗೇ ಹಿಟ್ಟು 28ರಲ್ಲಿ ಇದ್ದರೆ, ಗೋಣಿಚೀಲ ಸುತ್ತಿದ ದೊಡ್ಡ ಪಾತ್ರೆ ಆ ಬಿಸಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ನಾವು ಹಿಡಿತದಲ್ಲಿ ಇಟ್ಟುಕೊಳ್ಳಬೇಕಾದ್ದು ಕಲಸುವ ಕ್ಷಣದ ಬಿಸಿ.

ಈಗ ಆ ಬಿಸಿ ಎಲ್ಲಿಂದ ತರುವುದು? ಬಹಳ ಜನ ಬೇಳೆಗೆ ಬಿಸಿನೀರು ಹಾಕಿ ರುಬ್ಬುತ್ತಾರೆ. ದಯವಿಟ್ಟು ಬೇಡ. ಉದ್ದು ತಣ್ಣೀರಲ್ಲೇ ನೊರೆ ಕಟ್ಟುವುದು. ರುಬ್ಬುವಾಗ ಹಿಟ್ಟು ಬಿಸಿಯಾದರೆ ಗಾಳಿ ನಿಲ್ಲುವುದಿಲ್ಲ, ಆಮೇಲೆ ಹುದುಗು ಎಷ್ಟು ಬಂದರೂ ಹಿಡಿದುಕೊಳ್ಳೋಕೆ ಆ ಲೋಳೆ ಇರಲ್ಲ. ಬಿಸಿಯನ್ನು ರವೆಯಲ್ಲಿ ತನ್ನಿ.

ನಿಮ್ಮ ಲೆಕ್ಕವನ್ನೇ ಹಾಕೋಣ. 3 ಕೆಜಿ ಬೇಳೆ ರುಬ್ಬಿದರೆ ಸುಮಾರು 10 ಕೆಜಿ ಹಿಟ್ಟು, 22 ಡಿಗ್ರಿ. ನೆನೆದು ಹಿಂಡಿದ ರವೆ ಸುಮಾರು 9 ಕೆಜಿ. ಎರಡೂ ಸೇರಿ 28.5 ಬರಬೇಕು ಅಂದರೆ ರವೆ 36ರ ಹತ್ತಿರ ಇರಬೇಕು. ನಿಮ್ಮ ರವೆ 17ರಲ್ಲಿದೆ. ನೆನೆದ ನೀರು ಬಸಿದು, ರವೆಯ ತೂಕದಷ್ಟೇ, ಅಂದರೆ 9 ಲೀಟರ್ 55 ಡಿಗ್ರಿಯ ನೀರು ಸುರಿದು ಒಮ್ಮೆ ಕೈಯಾಡಿಸಿ. ಹದಿನೇಳೂ ಐವತ್ತೈದೂ ಸೇರಿ ಅರ್ಧಕ್ಕೆ ಬಂದು ನಿಲ್ಲುತ್ತೆ. ಹತ್ತು ನಿಮಿಷ ಬಿಟ್ಟು ಹಿಂಡಿ, ಕೂಡಲೇ ಉದ್ದಿಗೆ ಸೇರಿಸಿ. ಪಾತ್ರೆಗೆ ಸ್ವಲ್ಪ ಬಿಸಿ ಹೋಗುತ್ತೆ, ಒಂದೆರಡು ಡಿಗ್ರಿ ಆಚೀಚೆ ಆದರೆ ಮರುದಿನ ನೀರಲ್ಲಿ ಸರಿ ಮಾಡಿಕೊಳ್ಳಿ. ನೀರು 60 ದಾಟಿಸಬೇಡಿ. ರವೆ ಬೆಂದ ಹಾಗಾಗಿ ಅಂಟು ಬಂದರೆ ಆ ಇಡ್ಲಿಯನ್ನು ಯಾವ ಹುದುಗೂ ಕಾಪಾಡಲ್ಲ.

ಇನ್ನು ಪಾತ್ರೆ. ನೆಲದ ಕಲ್ಲಿನ ಮೇಲೆ ಸ್ಟೀಲ್ ಪಾತ್ರೆ ಇಟ್ಟರೆ ಅಡಿಯಿಂದ ತಣ್ಣಗಾಗುತ್ತೆ. ಮರದ ಹಲಗೆ ಹಾಕಿ, ಸುತ್ತ ಎರಡು ಗೋಣಿಚೀಲ, ಮೇಲೆ ಮುಚ್ಚಳ, ಅದರ ಮೇಲೆ ಮತ್ತೊಂದು ಚೀಲ. ಸ್ಟೀಮರ್ ಪಕ್ಕ ಬೇಡವೇ ಬೇಡ.

ದಾವಣಗೆರೆ ದೋಸೆಗಾಡಿ · ಮಂಗಳವಾರ ರಾತ್ರಿ

ನಡುವೆ ಬಾಯಿ ಹಾಕ್ತಿದ್ದೀನಿ, ಬೇಜಾರಾಗಬೇಡ್ರಿ. ನಮ್ಮದು ಬೆಣ್ಣೆದೋಸೆ ಗಾಡಿ. ಅಕ್ಕಿ, ಉದ್ದು, ಮಂಡಕ್ಕಿ. ಉಬ್ಬೋದ್ರಾಗ ನಮಗ ತೊಂದರೆ ಇಲ್ಲ. ಆದರ ಎರಡನೇ ದಿನದ ಹಿಟ್ಟಿನಾಗ ದೋಸಿ ಕೆಂಪಗಾಗಲ್ಲ, ಬೆಳ್ಳಗ ಉಳೀತೈತಿ. ಬೆಣ್ಣಿ ಎಷ್ಟು ಹಾಕಿದರೂ ಅಷ್ಟ. ಹಿಟ್ಟು ಹುಳಿ ಬಂದ ಕೂಡ್ಲೇ ಫ್ರಿಜ್‌ನಾಗ ಇಡ್ತೀವಿ, ಇಪ್ಪತ್ತು ಲೀಟರ್ ಡಬ್ಬಿ. ಆದರೂ ಬೆಳಿಗ್ಗೆ ಜಾಸ್ತಿ ಹುಳಿ. ಫ್ರಿಜ್ ಕೆಟ್ಟೈತಿ ಅಂತ ಮೆಕ್ಯಾನಿಕ್ ಕರೆಸಿದ್ದಾಯ್ತು, ಅವ ಏನೂ ಆಗಿಲ್ಲ ಅಂದ.

ಮೈಸೂರು ಹಿಟ್ಟಿನ ಘಟಕ · ಬುಧವಾರ

ಅಣ್ಣ, ನಿಮ್ಮ ಫ್ರಿಜ್ ಸರಿಯಾಗೇ ಇದೆ. ಡಬ್ಬಿ ದೊಡ್ಡದು. ಇಪ್ಪತ್ತು ಲೀಟರ್ ಹಿಟ್ಟಿನ ನಡು ತಣ್ಣಗಾಗೋಕೆ ಬೆಳಗಾಗುತ್ತೆ, ಅಷ್ಟು ಹೊತ್ತೂ ಒಳಗೆ ಹುದುಗು ನಡೀತಾನೇ ಇರುತ್ತೆ. ಥರ್ಮಾಮೀಟರ್ ಚುಚ್ಚಿ ನೋಡಿ, ಮೂರು ಗಂಟೆ ಆದಮೇಲೂ ನಡುವೆ ಇಪ್ಪತ್ತರ ಮೇಲೇ ತೋರಿಸುತ್ತೆ. ಐದು ಲೀಟರಿನ ಅಗಲವಾದ ನಾಲ್ಕು ಪಾತ್ರೆಗೆ ಹಂಚಿ, ನಡುವೆ ಗಾಳಿ ಆಡೋ ಹಾಗೆ ಇಡಿ. ಪೂರ್ತಿ ಉಬ್ಬುವ ತನಕ ಕಾಯದೆ ಮುಕ್ಕಾಲು ಬಂದಾಗಲೇ ಒಳಗೆ ಹೋಗಲಿ.

ದೋಸೆ ಕೆಂಪಾಗದಿರೋದೂ ಇದಕ್ಕೇ ಸೇರಿದ್ದು. ಬಣ್ಣ ಬರುವುದು ಹಿಟ್ಟಿನ ಸಕ್ಕರೆ ಅಂಶದಿಂದ. ಹುದುಗು ಹೆಚ್ಚಾದರೆ ಅದನ್ನು ತಿಂದುಬಿಡುತ್ತೆ, ಹುಳಿ ಹೆಚ್ಚಾದರೆ ಬಣ್ಣ ಇನ್ನೂ ನಿಧಾನ. ಹಂಚಿಗೆ ಹಾಕುವ ಮುಂಚೆ ಲೀಟರಿಗೆ ಒಂದು ಚಮಚ ಸಕ್ಕರೆ ಬೆರೆಸಿದರೆ ಅವತ್ತಿಗೆ ಬಣ್ಣ ಬರುತ್ತೆ, ಹುಳಿ ಮಾತ್ರ ಹಾಗೇ ಇರುತ್ತೆ.

ದಾವಣಗೆರೆ ದೋಸೆಗಾಡಿ · ಬುಧವಾರ

ಆಯ್ತು ಅಕ್ಕಾರ, ಸಣ್ಣ ಪಾತ್ರಿ ತರಸ್ತೀನಿ. ಮೆಕ್ಯಾನಿಕ್‌ಗೆ ಕೊಟ್ಟ ರೊಕ್ಕದಾಗ ಎರಡು ಬರ್ತಿದ್ವು.

ಅಡುಗೆ ಭಟ್ರು · ಬುಧವಾರ

ಇಲ್ಲಿ ಎಲ್ಲರೂ ಡಿಗ್ರಿ ಡಿಗ್ರಿ ಅನ್ನುತ್ತೀರಿ, ಹಳೇ ಹಿಟ್ಟಿನ ಮಾತು ಯಾರೂ ಆಡಲಿಲ್ಲ. ಚಳಿಗಾಲದಲ್ಲಿ ನಾವು ಬೆಳಿಗ್ಗೆಯ ಹಿಟ್ಟು ಒಂದು ಚೊಂಬು ತೆಗೆದಿಟ್ಟು ಸಂಜೆಯ ಹಿಟ್ಟಿಗೆ ಸೇರಿಸುತ್ತಿದ್ದೆವು. ಹಾಲಿಗೆ ಹೆಪ್ಪು ಇದ್ದ ಹಾಗೆ.

ಮೈಸೂರು ಹಿಟ್ಟಿನ ಘಟಕ · ಬುಧವಾರ

ಇದು ಒಳ್ಳೆಯ ಮಾತು ಭಟ್ರೇ, ನಾನು ಮರೆತಿದ್ದೆ. ತಿಂಡಿಮನೆಯವರ ಅಳತೆಗೆ ಅರ್ಧ ಕೆಜಿ ಸಾಕು. ಆದರೆ ಅದು ಅವತ್ತಿನ ಬೆಳಿಗ್ಗೆ ಚೆನ್ನಾಗಿ ಉಬ್ಬಿದ ಹಿಟ್ಟಾಗಿರಬೇಕು, ತೆಗೆದ ಕೂಡಲೇ ಫ್ರಿಜ್‌ಗೆ ಹೋಗಿರಬೇಕು. ಮೂರು ದಿನದ ಹುಳಿ ಹಿಟ್ಟು ಹಾಕಿದರೆ ಹುಳಿ ಮಾಡುವ ಜಾತಿಯೇ ಹೆಚ್ಚಾಗಿ, ಗಾಳಿಗಿಂತ ಮೊದಲು ಹುಳಿ ಬರುತ್ತೆ. ವಾರಕ್ಕೊಂದು ದಿನ ಹೆಪ್ಪಿಲ್ಲದೆ ಹೊಸದಾಗಿ ಮಾಡಿ, ಅದರಿಂದಲೇ ಮತ್ತೆ ದಿನದಿನದ ಹೆಪ್ಪು ಶುರು ಮಾಡೋದು ನಮ್ಮ ರೂಢಿ. ಬೇಸಿಗೆಯಲ್ಲಿ ಹೆಪ್ಪೇ ಹಾಕಲ್ಲ.

ಹಾಸನದ ತಿಂಡಿಮನೆ · ಗುರುವಾರ ಬೆಳಿಗ್ಗೆ

ಅಕ್ಕ, ನಿನ್ನೆ ನೀವು ಹೇಳಿದ ಹಾಗೇ ಮಾಡಿದೆ. ಸ್ಟೀಮರ್ ನೀರಿಗೆ ನಲ್ಲಿ ನೀರು ಬೆರೆಸಿ 55ಕ್ಕೆ ತಂದೆ. ರವೆ ಹಿಂಡಿದಾಗ 35, ಕಲಸಿದಾಗ ನಡುವೆ 28. ರಾತ್ರಿ ಹತ್ತೂವರೆಗೆ ಬಂದು ಮುಚ್ಚಳ ಎತ್ತಿದೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳ್ಳೆ ಶುರುವಾಗಿತ್ತು. ಬೆಳಿಗ್ಗೆ ಐದಕ್ಕೆ 24 ಡಿಗ್ರಿ, ಪಾತ್ರೆ ಪೂರ್ತಿ ಸಮನಾಗಿ ಎದ್ದಿದೆ. ಸೌಟಲ್ಲಿ ಅಂಚಿಂದ ತೆಗೆದಾಗ ಒಳಗೆ ಜೇನುಗೂಡಿನ ಹಾಗೆ ಕಂಡಿತು. ಡಿಸೆಂಬರ್‌ನಿಂದ ಮೊದಲ ಸಲ ಇಡ್ಲಿ ತಟ್ಟೆಯ ಗುಳಿಯಿಂದ ಮೇಲೆ ಉಬ್ಬಿ ನಿಂತಿತ್ತು. ಹೆಂಡತಿ ಮೊದಲ ಇಡ್ಲಿ ಮುರಿದು ಸುಮ್ಮನೆ ನನ್ನ ಕೈಗೆ ಕೊಟ್ಟಳು.

ಇನ್ನೊಂದು ಪ್ರಶ್ನೆ. ರಾತ್ರಿ ಮುಚ್ಚಳ ಎತ್ತಿ ಎತ್ತಿ ನೋಡದೆ ಹಿಟ್ಟು ಎಷ್ಟು ಬಂತು ಅಂತ ತಿಳಿಯೋದು ಹೇಗೆ?

ಟೊರೊಂಟೊ ಅಮ್ಮ · ಗುರುವಾರ

ಓದಿ ತುಂಬಾ ಸಂತೋಷ ಆಯ್ತು! ಗಾಜಿನ ಬಾಟಲಿಗೆ ಸ್ವಲ್ಪ ಹಿಟ್ಟು ಹಾಕಿ, ರಬ್ಬರ್ ಬ್ಯಾಂಡ್ ಕಟ್ಟಿ ಕಿಟಕಿ ಹತ್ತಿರ ಇಡಿ. ನಾನು ಹಾಗೇ ನೋಡೋದು.

ಮೈಸೂರು ಹಿಟ್ಟಿನ ಘಟಕ · ಗುರುವಾರ

ಬಾಟಲಿ ಸರಿ, ಆದರೆ ಕಿಟಕಿ ಹತ್ತಿರ ಬೇಡ. ಕಾಲು ಲೀಟರ್ ಹಿಟ್ಟು ಬೇಗನೇ ಕೋಣೆಯ ಬಿಸಿಗೆ ಬಂದುಬಿಡುತ್ತೆ, ದೊಡ್ಡ ಪಾತ್ರೆಯ ಸುದ್ದಿ ಅದು ಹೇಳಲ್ಲ. ನೆಟ್ಟಗಿರುವ ಪಾರದರ್ಶಕ ಡಬ್ಬಿಯೊಂದರಲ್ಲಿ ಅರ್ಧದವರೆಗೆ ಹಿಟ್ಟು ತುಂಬಿ, ಮಟ್ಟಕ್ಕೆ ಟೇಪ್ ಅಂಟಿಸಿ, ಆ ಡಬ್ಬಿಯನ್ನೇ ದೊಡ್ಡ ಪಾತ್ರೆಯ ಹಿಟ್ಟಿನೊಳಗೆ ಕುತ್ತಿಗೆವರೆಗೆ ಮುಳುಗಿಸಿ ನಿಲ್ಲಿಸಿ. ಹೊರಗಡೆ ಚೆನ್ನಾಗಿ ತೊಳೆದಿರಬೇಕು, ಅಷ್ಟೇ. ಎತ್ತಿ ಒರೆಸಿ ನೋಡಿದರೆ ಸಾಕು, ದೊಡ್ಡ ಹಿಟ್ಟನ್ನು ಕದಡುವ ಹಾಗಿಲ್ಲ. ಟೇಪಿನಿಂದ ಒಂದೂವರೆ ಪಟ್ಟಿಗಿಂತ ಮೇಲೆ ಬಂದು, ಮೇಲ್ಮೈ ಉಬ್ಬಿಕೊಂಡೇ ಇದ್ದರೆ ಹದ. ನಡುವೆ ತಗ್ಗು ಬಿದ್ದು ಅಂಚಿನಲ್ಲಿ ಗೆರೆ ಉಳಿದಿದ್ದರೆ ಹೊತ್ತು ಮೀರಿದೆ.

ಹಾಸನದ ತಿಂಡಿಮನೆ · ಗುರುವಾರ

ಮಾಡ್ತೀನಿ. ಏಪ್ರಿಲ್‌ಗೆ ಈಗಲೇ ಕೇಳಿಬಿಡ್ತೀನಿ ಅಕ್ಕ. ಆಗ ಉದ್ದಿನ ಹಿಟ್ಟನ್ನು ಮುಟ್ಟಿದರೇ ಬೆಚ್ಚಗಿರುತ್ತೆ.

ಮೈಸೂರು ಹಿಟ್ಟಿನ ಘಟಕ · ಗುರುವಾರ

ನಮ್ಮಲ್ಲಿ ಆ ತಿಂಗಳು ಸುಮ್ಮನೆ ರುಬ್ಬಿದರೆ 31 ಬರುತ್ತೆ. ಬೇಳೆಯನ್ನು ಫ್ರಿಜ್‌ನಲ್ಲೇ ನೆನೆಸಿ, ರುಬ್ಬುವ ನೀರಿನಲ್ಲಿ ಒಂದು ಲೀಟರ್ ಕಡಿಮೆ ಮಾಡಿ ಅದರ ಬದಲು ಒಂದು ಕೆಜಿ ಕುಡಿಯುವ ನೀರಿನ ಐಸ್ ಹಾಕಿ. ಹತ್ತು ಕೆಜಿ ಹಿಟ್ಟಿನಲ್ಲಿ ಒಂದು ಕೆಜಿ ಐಸ್ ಕರಗಿದರೆ ಎಂಟು ಡಿಗ್ರಿ ಇಳಿಯುತ್ತೆ, ಕರಗಿದ ನೀರು ಇನ್ನಷ್ಟು ಇಳಿಸುತ್ತೆ. ಸಣ್ಣ ಚೂರು ಮಾಡಿ ಹಿಡಿಹಿಡಿಯಾಗಿ ಹಾಕಿ. ಉದ್ದು 24ರ ಒಳಗೆ, ತಣ್ಣೀರಲ್ಲಿ ನೆನೆದ ರವೆ 20ರ ಹತ್ತಿರ, ಎರಡೂ ಸೇರಿ 22. ರಾತ್ರಿ ಅಡುಗೆಮನೆ ಮೂವತ್ತರಲ್ಲಿ ಇದ್ದರೆ ಅದು ನಿಧಾನಕ್ಕೆ ಬೆಚ್ಚಗಾಗುತ್ತಾ ಬೆಳಗಿನ ಹೊತ್ತಿಗೆ ಹದಕ್ಕೆ ಬರುತ್ತೆ. ಗೋಣಿಚೀಲ ಬೇಡ, ಉಪ್ಪು ರಾತ್ರಿಯೇ.

ಅಡುಗೆ ಭಟ್ರು · ಗುರುವಾರ ರಾತ್ರಿ

ಐಸಿಗೆ ಯಾಕೆ ದುಡ್ಡು? ಬೇಸಿಗೆಯಲ್ಲಿ ಸಂಜೆ ಆರೂವರೆಯ ಬದಲು ರಾತ್ರಿ ಹತ್ತಕ್ಕೆ ಕಲಸಿ. ನಾವು ಹಾಗೇ ಮಾಡಿದ್ದು, ಎಲ್ಲಾ ವರ್ಷ ಸರಿಯಾಗಿಯೇ ಬಂತು.

ಮೈಸೂರು ಹಿಟ್ಟಿನ ಘಟಕ · ಗುರುವಾರ ರಾತ್ರಿ

ಹೊತ್ತು ಬದಲಿಸಿದರೂ ನಡೆಯುತ್ತೆ, ಆದರೆ ರುಬ್ಬುವಾಗ ಬಿಸಿಯಾದ ಉದ್ದಿನ ನೊರೆ ಹೋದದ್ದು ಹೋದದ್ದೇ. ಜೊತೆಗೆ ರಾತ್ರಿ ಹತ್ತಕ್ಕೆ ಕೆಲಸದವರು ಇರಬೇಕು. ಎರಡನ್ನೂ ಮಾಡಿ ನೋಡಿ ತಿಂಡಿಮನೆಯವರೇ, ಯಾವುದು ನಿಮ್ಮ ಅಡುಗೆಮನೆಗೆ ಒಗ್ಗುತ್ತೆ ಅಂತ ಏಪ್ರಿಲ್‌ನಲ್ಲೇ ಬರೆಯಿರಿ.

ಹಾಸನದ ತಿಂಡಿಮನೆ · ಎರಡು ವಾರದ ನಂತರ

ಲೆಕ್ಕ ಒಪ್ಪಿಸ್ತಿದ್ದೀನಿ. ಹದಿಮೂರು ದಿನ ಬರೆದಿಟ್ಟೆ. ಹನ್ನೆರಡು ದಿನ ಕಲಸುವಾಗ 27ರಿಂದ 29ರ ಒಳಗೆ, ಹನ್ನೆರಡೂ ದಿನ ಇಡ್ಲಿ ಒಂದೇ ಥರ. ಹೊರಗಿನ ಚಳಿ ಹದಿಮೂರಕ್ಕೆ ಇಳಿದ ರಾತ್ರಿ ಕೂಡ. ಆದರೆ ನಿನ್ನೆ ಬಿಸಿ ಸರಿಯಾಗಿ 28 ಇತ್ತು, ಹೆಪ್ಪೂ ಹಾಕಿದ್ದೆ, ಡಬ್ಬಿಯ ಹಿಟ್ಟು ಟೇಪಿನಿಂದ ಎರಡೇ ಬೆರಳು ಏರಿ ನಿಂತಿತು. ಗುಳ್ಳೆ ಬಂದು ಬಂದು ಒಡೀತಿತ್ತು, ಹಿಟ್ಟು ಹಿಡಿದುಕೊಳ್ತಿರಲಿಲ್ಲ. ಮೊನ್ನೆ ಹೊಸ ಮೂಟೆ ಬೇಳೆ ಒಡೆದಿದ್ದೆ.

ಅಡುಗೆ ಭಟ್ರು · ಅದೇ ದಿನ

ಹಾಗಾದರೆ ಹುದುಗಿನದ್ದಲ್ಲ, ಉದ್ದಿನದ್ದು. ರುಬ್ಬಿದ ಹಿಟ್ಟು ಒಂದು ಉಂಡೆ ನೀರಿಗೆ ಬಿಟ್ಟು ನೋಡಿದಿರಾ? ತೇಲಬೇಕು. ಹಳೇ ಬೇಳೆ ಎಷ್ಟು ರುಬ್ಬಿದರೂ ಒದಗುವುದಿಲ್ಲ.

ಮೈಸೂರು ಹಿಟ್ಟಿನ ಘಟಕ · ಅದೇ ದಿನ

ತೇಲುವುದರ ಜೊತೆಗೆ ತೂಕವನ್ನೂ ನೋಡಿ. ಒಂದು ಲೀಟರಿನ ಅಳತೆ ಪಾತ್ರೆಗೆ ಉದ್ದಿನ ಹಿಟ್ಟು ಮಟ್ಟಸವಾಗಿ ತುಂಬಿ ತಕ್ಕಡಿಗೆ ಇಡಿ. ನಮ್ಮಲ್ಲಿ 800 ಗ್ರಾಂ ಆಸುಪಾಸು ಬಂದರೆ ಒಪ್ಪುತ್ತೇವೆ, 900 ಬಂದರೆ ಇನ್ನೂ ರುಬ್ಬುತ್ತೇವೆ, ಹಾಗೂ ಇಳಿಯದಿದ್ದರೆ ಬೇಳೆಯನ್ನು ಅನುಮಾನಿಸುತ್ತೇವೆ. ಬೇಳೆ ಚೆನ್ನಾಗಿದ್ದೂ ಇಳಿಯದಿದ್ದರೆ ಗ್ರೈಂಡರ್ ಕಲ್ಲು ನುಣುಪಾಗಿದೆ ಅಂತ ಅರ್ಥ. ಬೇಳೆ ಬಹಳ ಹೊತ್ತು ನೆನೆದಿತ್ತೇ? ನಾಲ್ಕು ಗಂಟೆ ದಾಟಿಸಬೇಡಿ.

ಹಾಸನದ ತಿಂಡಿಮನೆ · ಮರುದಿನ

ನೆನೆಸಿದ್ದು ಮೂರೂವರೆ ಗಂಟೆ. ಹೊಸ ಮೂಟೆಯ ಬೇಳೆ ಲೀಟರಿಗೆ 930. ಮನೆಯಲ್ಲಿದ್ದ ಬೇರೆ ಬೇಳೆ ಅರ್ಧ ಕೆಜಿ ತಂದು ಅದೇ ಗ್ರೈಂಡರಲ್ಲಿ ರುಬ್ಬಿದೆ, 860. ಅಂದರೆ ಬೇಳೆಯದ್ದೂ ಇದೆ, ಕಲ್ಲಿನದ್ದೂ ಇದೆ ಅನ್ನಿಸುತ್ತೆ. ಕಲ್ಲಿನ ಮೇಲೆ ಕೈ ಸವರಿದರೆ ಗಾಜಿನ ಥರ ಜಾರುತ್ತೆ, ಇಷ್ಟು ದಿನ ಗಮನಿಸಿರಲೇ ಇಲ್ಲ. ಮೂಟೆ ವಾಪಸ್ ತಗೊಳ್ಳೋಕೆ ಅಂಗಡಿಯವರು ಒಪ್ಪಿದ್ದಾರೆ. ಕಲ್ಲು ಕುಟ್ಟುವವರು ಬುಧವಾರ ಬರ್ತಾರೆ. ಅಲ್ಲಿವರೆಗೆ ಬೇಳೆಯನ್ನು ಹತ್ತು ನಿಮಿಷ ಹೆಚ್ಚು, ತಣ್ಣೀರು ಚಿಮುಕಿಸಿಕೊಂಡು ರುಬ್ಬಿಸ್ತಿದ್ದೀನಿ. ಕುಟ್ಟಿಸಿದ ಮೇಲೆ ಮತ್ತೆ ತೂಗಿ ಇಲ್ಲೇ ಹಾಕ್ತೀನಿ.